ಇಪ್ಪತ್ತು ರೂಮಿನ ಲಾಡ್ಜು, ಒಂದು ವಾರದ ಲೆಕ್ಕ

ಮಡಿಕೇರಿಯಲ್ಲಿ 20 ರೂಮುಗಳ ಒಂದು ಲಾಡ್ಜು ಇದೆ ಎಂದಿಟ್ಟುಕೊಳ್ಳಿ. ಅದರ ಬುಕಿಂಗ್ ಪುಸ್ತಕದಲ್ಲಿ ಹೀಗೊಂದು ಸಾಲಿದೆ: ಎರಡು ರೂಮು, ಶುಕ್ರವಾರ ಬಂದರು, ಸೋಮವಾರ ಹೋದರು, ಬಾಡಿಗೆ 18,000 ರೂಪಾಯಿ.

ಲೆಕ್ಕ ತಪ್ಪುವುದು ಇಲ್ಲೇ. ಇದು ಒಂದು ಬುಕಿಂಗ್ ಆದರೂ ಮಾರಾಟವಾದದ್ದು ಎರಡು ರೂಮು, ತಲಾ ಮೂರು ರಾತ್ರಿ. ಒಟ್ಟು ಆರು ರೂಮು-ರಾತ್ರಿ. ಹೊರಟ ದಿನ ಲೆಕ್ಕಕ್ಕಿಲ್ಲ. ಇಡೀ ಹಣವನ್ನು ಶುಕ್ರವಾರದ ಖಾತೆಗೆ ಬರೆದರೆ ಶನಿವಾರ ರೂಮು ತುಂಬಿದ್ದರೂ ಆದಾಯ ಸೊನ್ನೆ ಎಂದು ಕಾಣುತ್ತದೆ. ಮೂರು ದಿನಕ್ಕೆ ಸಮನಾಗಿ ಹಂಚಿದರೂ ಸರಿಯಾಗದು. ಶುಕ್ರವಾರ, ಶನಿವಾರ ರೂಮಿಗೆ 3,500, ಭಾನುವಾರ 2,000 ದರವಿತ್ತು. ಆಯಾ ರಾತ್ರಿಯ ದರ ಆಯಾ ರಾತ್ರಿಗೇ ಸೇರಬೇಕು. ಜಿಎಸ್‌ಟಿ, ತಿಂಡಿಯ ದುಡ್ಡು ರೂಮಿನ ಆದಾಯವಲ್ಲ. ರದ್ದಾದ ಬುಕಿಂಗ್ ಮಾರಾಟವಲ್ಲ.

ಹೀಗೆ ಬಿಡಿಸಿದ ಮೇಲೆ ಉಳಿದದ್ದು ಸುಲಭ. 20 ರೂಮು, ಏಳು ದಿನ. ಮಾರಲು ಇದ್ದದ್ದು 140 ರೂಮು-ರಾತ್ರಿ. ವಾರಾಂತ್ಯದ ಎರಡು ರಾತ್ರಿ ಪೂರ್ತಿ ತುಂಬಿ 40 ಹೋದವು, 1,40,000 ರೂಪಾಯಿ ಬಂತು. ಉಳಿದ ಐದು ರಾತ್ರಿಗಳಲ್ಲಿ 30 ಹೋಗಿ 60,000 ಬಂತು. 140ರಲ್ಲಿ 70 ಮಾರಾಟವಾದವು, ಹಾಗಾಗಿ ಆಕ್ಯುಪೆನ್ಸಿ ಶೇ. 50. ಎರಡು ಲಕ್ಷವನ್ನು ಮಾರಾಟವಾದ 70ರಿಂದ ಭಾಗಿಸಿದರೆ ಸರಾಸರಿ ದರ, ಅಂದರೆ ಎಡಿಆರ್, 2,857 ರೂಪಾಯಿ. 3,500 ಮತ್ತು 2,000ವನ್ನು ಕೂಡಿಸಿ ಅರ್ಧ ಮಾಡುವವರಿಗೆ 2,750 ಸಿಗುತ್ತದೆ. ಅದು ತಪ್ಪು, ಏಕೆಂದರೆ ದುಬಾರಿ ರಾತ್ರಿಗಳೇ ಹೆಚ್ಚು ಮಾರಾಟವಾಗಿವೆ. ಅದೇ ಎರಡು ಲಕ್ಷವನ್ನು ಖಾಲಿ ರೂಮುಗಳೂ ಸೇರಿದ 140ರಿಂದ ಭಾಗಿಸಿದರೆ ರೆವ್‌ಪಾರ್: 1,429 ರೂಪಾಯಿ. ನಾನು ಮೊದಲು ನೋಡುವುದು ಇದನ್ನೇ, ಖಾಲಿ ಬಿದ್ದ ರೂಮನ್ನೂ ಇದು ಮರೆಯುವುದಿಲ್ಲ.

ಮಳೆಗಾಲದ ಬೇರೊಂದು ವಾರದಲ್ಲಿ ಎರಡು ರೂಮು ಸೋರಿ ಮುಚ್ಚಿದ್ದವು, ಆಗಲೂ ಒಟ್ಟು 70 ರೂಮು-ರಾತ್ರಿ ಮಾರಾಟವಾದವು ಎನ್ನಿ. ಅವನ್ನು ಲೆಕ್ಕದಿಂದ ತೆಗೆದರೆ 140 ಹೋಗಿ 126 ಆಗುತ್ತದೆ, ಆಕ್ಯುಪೆನ್ಸಿ ಶೇ. 55 ದಾಟುತ್ತದೆ. ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿಯೂ ಹೆಚ್ಚು ಬಿದ್ದಿರುವುದಿಲ್ಲ. ರಿಪೇರಿಗೆಂದು ಕೆಲವು ದಿನ ಮುಚ್ಚಿದ ರೂಮನ್ನು ಲೆಕ್ಕದಲ್ಲೇ ಇಟ್ಟುಕೊಳ್ಳುವುದು ಮೇಲು.

ಈಗ ಮಾಲೀಕರು ವಾರದ ನಡುವಿನ ದರವನ್ನು 1,500ಕ್ಕೆ ಇಳಿಸುತ್ತಾರೆ. 30ರ ಬದಲು 42 ರೂಮು-ರಾತ್ರಿ ಹೋಗಿ 63,000 ಬರುತ್ತದೆ. ಆಕ್ಯುಪೆನ್ಸಿ ಶೇ. 58 ದಾಟಿತು, ಎಡಿಆರ್ 2,476ಕ್ಕೆ ಇಳಿಯಿತು, ರೆವ್‌ಪಾರ್ 1,450ಕ್ಕೆ ಏರಿತು. ಗೆದ್ದಂತೆ ಕಾಣುತ್ತದೆ. ಆದರೆ ವಾರಕ್ಕೆ ಹೆಚ್ಚಿದ್ದು ಬರೀ 3,000 ರೂಪಾಯಿ. ಹೆಚ್ಚುವರಿ 12 ರಾತ್ರಿಗಳಿಗೆ ಬೆಡ್‌ಶೀಟ್ ಒಗೆಯಬೇಕು, ಬಿಸಿನೀರು ಕೊಡಬೇಕು, ರೂಮು ಗುಡಿಸಿ ಒರೆಸಬೇಕು. ಅದಕ್ಕೆ ರಾತ್ರಿಗೆ 300 ಖರ್ಚಾದರೂ 3,600 ಆಗುತ್ತದೆ. ಆ ಖರ್ಚು ರೆವ್‌ಪಾರ್‌ನಲ್ಲಿ ಎಲ್ಲೂ ಕಾಣುವುದಿಲ್ಲ.