ಅಂಚು ಬಿಟ್ಟು ಜಾರುವ ಟಿನ್ ಓಪನರ್

ಮೈಸೂರಿನ ಒಬ್ಬ ಗೃಹಿಣಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾರೆ. ಪೈನಾಪಲ್ ಕೇಕಿಗೆ ಬೇಡಿಕೆ ಹೆಚ್ಚಾದ ವಾರಗಳಲ್ಲಿ ಅನಾನಸ್ ಹೋಳುಗಳ 850 ಗ್ರಾಂ ಡಬ್ಬಿಗಳನ್ನು ದಿನಕ್ಕೆರಡು ಮೂರು ತೆರೆಯಬೇಕು. ಅಂಥದ್ದೊಂದು ಸಂಜೆ ಅವರ ಟಿನ್ ಓಪನರ್ ಮೊಂಡಾಟ ಶುರು ಮಾಡಿತು. ನಾಲ್ಕು ಬೆರಳಗಲ ಕತ್ತರಿಸುತ್ತದೆ, ಟಕ್ ಎಂದು ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಕೊನೆಗೆ ಮುಚ್ಚಳ ಅಲ್ಲಲ್ಲಿ ಅಂಟಿಕೊಂಡೇ ಉಳಿಯಿತು. ಅದನ್ನು ಚಾಕುವಿನ ತುದಿಯಿಂದ ಎಬ್ಬಲು ಹೋಗಿ ಬೆರಳು ಕೊಯ್ದುಕೊಂಡರು. 'ಬ್ಲೇಡು ಮೊಂಡಾಗಿದೆ' ಎಂದು ಮನೆಯವರೆಲ್ಲ ತೀರ್ಪು ಕೊಟ್ಟರು.

ತೀರ್ಪು ಅರ್ಧ ಮಾತ್ರ ಸರಿ.

ಎರಡು ಹಿಡಿಗಳ ಈ ಉಪಕರಣದಲ್ಲಿ ಎರಡು ಚಕ್ರಗಳಿವೆ, ಎರಡರ ಕೆಲಸವೂ ಬೇರೆ. ಹರಿತವಾದ ಚಕ್ರ ಮುಚ್ಚಳದ ಮೇಲೆ, ಅಂಚಿನ ಒಳಬದಿಯಲ್ಲಿ ಕೂತು ತಗಡನ್ನು ಸೀಳುತ್ತದೆ. ಹಲ್ಲುಹಲ್ಲಾಗಿರುವ ಇನ್ನೊಂದು ಚಿಕ್ಕ ಚಕ್ರ ಅಂಚಿನ ಹೊರಬದಿಯಲ್ಲಿ, ಅದರ ಅಡಿಗೆ ಕಚ್ಚಿಕೊಂಡು ಡಬ್ಬಿಯನ್ನು ಮುಂದೆ ಸರಿಸುತ್ತದೆ. ನಾವು ಬೆರಳಿನಿಂದ ತಿರುವುವ ಚಿಟ್ಟೆಯಾಕಾರದ ಕಿವಿ ನೇರವಾಗಿ ಜೋಡಣೆಯಾಗಿರುವುದು ಈ ಹಲ್ಲಿನ ಚಕ್ರಕ್ಕೆ. ಗೇರ್ ಇರುವ ಓಪನರಿನಲ್ಲಿ ಚಕ್ರಗಳ ಹಿಂದೆ ಒಂದಕ್ಕೊಂದು ಕಚ್ಚಿಕೊಂಡ ಎರಡು ಗೇರುಗಳೂ ಇರುತ್ತವೆ. ಹಲ್ಲಿನ ಚಕ್ರ ತಿರುಗಿದಾಗ ಕತ್ತರಿಸುವ ಚಕ್ರವನ್ನೂ ಜೊತೆಯಲ್ಲೇ ತಿರುಗಿಸುವುದು ಅವುಗಳ ಕೆಲಸ.

ಹಿಡಿಯುವ ಚಕ್ರ ಬಂದದ್ದು ತಡವಾಗಿಯೇ. ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತವರದ ಡಬ್ಬಿಗೆ ಪೇಟೆಂಟ್ ಪಡೆದದ್ದು 1810ರಲ್ಲಿ. ಆಗ ಡಬ್ಬಿ ತೆರೆಯಲು ಉಳಿ, ಸುತ್ತಿಗೆಯೇ ಗತಿ. ಅಮೆರಿಕದ ವಿಲಿಯಂ ಲೈಮನ್ 1870ರಲ್ಲಿ ಉರುಳುವ ಕತ್ತರಿ ಚಕ್ರವನ್ನು ತಂದ. ಆದರೆ ಅದನ್ನು ಮುಚ್ಚಳದ ನಟ್ಟನಡುವೆ ಚುಚ್ಚಿ ನಿಲ್ಲಿಸಿಕೊಂಡು ಸುತ್ತ ತಿರುಗಿಸಬೇಕಿತ್ತು. ಅಂಚನ್ನು ಕಚ್ಚುವ ಹಲ್ಲಿನ ಚಕ್ರ ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿಯೊಂದರ ಓಪನರಿನಲ್ಲಿ ಸೇರಿದ್ದು 1925ರಲ್ಲಿ. ಕತ್ತರಿಸುವುದಕ್ಕಿಂತ ಬಿಗಿಯಾಗಿ ಹಿಡಿದು ಸರಿಸುವುದೇ ಕಷ್ಟದ ಕೆಲಸವಾಗಿತ್ತು.

ಹಿಡಿತ ಕಷ್ಟವಾಗಲು ಅಂಚಿನ ರಚನೆಯೇ ಕಾರಣ. ಡಬ್ಬಿಯ ಮೈ ಮತ್ತು ಮುಚ್ಚಳದ ತಗಡುಗಳನ್ನು ಒಂದರೊಳಗೊಂದು ಕೊಕ್ಕೆಯಂತೆ ಮಡಚಿ ಒತ್ತಿರುತ್ತಾರೆ. ಅಲ್ಲಿ ತಗಡು ಐದು ಪದರವಾಗುತ್ತದೆ, ಎತ್ತರ ಸುಮಾರು 3 ಮಿಲಿಮೀಟರ್ ಅಷ್ಟೇ. ಅಷ್ಟು ಸಣ್ಣ ಜಾಗದಲ್ಲಿ ಚಕ್ರದ ಹಲ್ಲು ಊರಬೇಕು. ಎರಡು ಚಕ್ರಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಹಲ್ಲು ಊರುವ ಬದಲು ಸವರಿಕೊಂಡು ಹೋಗುತ್ತದೆ.

ಆ ಅಂತರವನ್ನು ಹೆಚ್ಚಿಸುವ ಮುಖ್ಯ ಅಪರಾಧಿ ಅಂಟಿಕೊಂಡ ಆಹಾರ. ಕತ್ತರಿಸುವ ಚಕ್ರ ಪ್ರತಿ ಸಲವೂ ಡಬ್ಬಿಯೊಳಗೆ ಇಣುಕಿ ಬರುತ್ತದೆ. ಅನಾನಸಿನ ಪಾಕ, ಕಂಡೆನ್ಸ್ಡ್ ಹಾಲು, ರಸಗುಲ್ಲಾದ ರಸ, ಮಾವಿನ ತಿರುಳು, ಯಾವುದಾದರೂ ಸರಿ, ಒಂದು ಹನಿ ಚಕ್ರದ ಬೆನ್ನು ಹತ್ತಿ ಗೇರಿನ ಕಡೆಗೆ ಹರಿಯುತ್ತದೆ. ಒಣಗಿದ ಸಕ್ಕರೆ ಕಲ್ಲಾಗುತ್ತದೆ. ತಗಡಿನ ಸಣ್ಣ ಚೂರುಗಳು ಅದಕ್ಕೇ ಅಂಟಿಕೊಳ್ಳುತ್ತವೆ. ಗೇರಿನ ಹಲ್ಲುಗಳ ಸಂದು ಹೀಗೆ ತುಂಬಿಕೊಂಡರೆ ಎದುರಿನ ಹಲ್ಲು ಪೂರ್ತಿ ಒಳಗೆ ಇಳಿಯಲಾರದು. ಗೇರುಗಳು ದೂರ ಸರಿಯುತ್ತವೆ, ಅವುಗಳೊಡನೆ ಚಕ್ರಗಳೂ ಸರಿಯುತ್ತವೆ. ತುದಿಯಲ್ಲಷ್ಟೇ ತಾಗಿ ತಿರುಗುವ ಗೇರಿನ ಹಲ್ಲುಗಳು ಬೇಗ ಸವೆಯುತ್ತವೆ. ಸವೆದ ಮೇಲೆ ಒಂದು ಹಲ್ಲು ಇನ್ನೊಂದನ್ನು ಹಾರಿಕೊಂಡು ಹೋಗುತ್ತದೆ. ಕೈಗೆ ತಿಳಿಯುವ ಆ 'ಟಕ್' ಇದೇ. ಆಗ ಬಹಳ ಜನ ಹಿಡಿಯನ್ನು ಇನ್ನಷ್ಟು ಬಲವಾಗಿ ಅದುಮುತ್ತಾರೆ. ಅದರಿಂದ ಹಿಡಿಗಳನ್ನು ಕೂಡಿಸಿರುವ ರಿವೆಟ್ ಸಡಿಲವಾಗಿ, ಅಂತರ ಇನ್ನೂ ಹೆಚ್ಚುತ್ತದೆ.

ತಪ್ಪು ಯಾವ ಚಕ್ರದ್ದು ಎಂಬುದನ್ನು ತೆರೆದ ಡಬ್ಬಿಯೇ ಹೇಳುತ್ತದೆ. ಅಂಚಿನ ಅಡಿಯಲ್ಲಿ ಬೆಳಕು ಬಿಟ್ಟು ನೋಡಬೇಕು. ಸಮ ಅಂತರದಲ್ಲಿ ಸ್ಪಷ್ಟವಾದ ಕಚ್ಚುಗಳಿದ್ದರೆ ಹಿಡಿತ ಸರಿಯಿದೆ. ಕಚ್ಚುಗಳ ಬದಲು ಉಜ್ಜಿದ ಹೊಳೆಯುವ ಗೆರೆ ಇದ್ದರೆ ಅಲ್ಲಿ ಹಲ್ಲಿನ ಚಕ್ರ ಜಾರಿದೆ. ಇನ್ನು ಮುಚ್ಚಳದ ಕೊಯ್ದ ಅಂಚು ನಯವಾಗಿದ್ದರೆ ಕತ್ತರಿ ಚಕ್ರ ಹರಿತವಾಗಿದೆ. ತಗಡು ಹರಿದಂತೆ ಎಳೆಎಳೆಯಾಗಿದ್ದರೆ ಅದು ಸವೆದಿದೆ.

ಮೈಸೂರಿನ ಡಬ್ಬಿಯ ಅಂಚಿನ ಸುತ್ತಳತೆ ಸುಮಾರು 31 ಸೆಂಟಿಮೀಟರ್. ಅದರಲ್ಲಿ ಕೊಯ್ಯದೆ ಉಳಿದ ಜಾಗಗಳು ಆರು, ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 5 ಸೆಂಟಿಮೀಟರ್. ಕಿವಿಯನ್ನು ಒಂದು ಸುತ್ತು ತಿರುವಿದರೆ ಆ ಓಪನರ್ ಸರಿಯುತ್ತಿದ್ದುದೂ ಅಷ್ಟೇ ದೂರ. ಅಂದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತೊಡಕು, ದೋಷ ಓಪನರಿನದ್ದೇ. ಬಿಟ್ಟುಹೋದ ಜಾಗ ಇಡೀ ಡಬ್ಬಿಗೆ ಒಂದೇ ಆಗಿದ್ದರೆ ಮೊದಲು ಡಬ್ಬಿಯನ್ನೇ ಅನುಮಾನಿಸಬೇಕಿತ್ತು: ಮೈಯ ಬೆಸುಗೆ ಗೆರೆ ಅಂಚನ್ನು ಸೇರುವಲ್ಲಿ ತಗಡು ದಪ್ಪವಾಗಿರುತ್ತದೆ. ಅಂಚು ನೆಗ್ಗಿದ್ದರೂ ಹೀಗೆ ಆಗುತ್ತದೆ.

ಓಪನರ್ ಬಿಡಿಸಿ ಹಿಡಿದು ನೋಡಿದಾಗ ಗೇರಿನ ಎರಡು ಹಲ್ಲುಗಳ ಸಂದಿನಲ್ಲಿ ಕಂದು ಬಣ್ಣದ ಗಟ್ಟಿ ಪಾಕ ಕಂಡಿತು. ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಓಪನರಿನ ತಲೆಯನ್ನು ಕಾಲು ಗಂಟೆ ನೆನೆಸಿದರು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ, ಕಿವಿಯನ್ನು ತಿರುವುತ್ತಾ, ಹಲ್ಲುಗಳ ಉದ್ದಕ್ಕೆ ಉಜ್ಜಿದರು. ಬಿಡದ ಜಾಗಕ್ಕೆ ಟೂತ್‌ಪಿಕ್ ಬಳಸಿದರು. ತೊಳೆದ ತಕ್ಷಣ ಬಟ್ಟೆಯಿಂದ ಒರೆಸಿ ಒಣಗಿಸಿದರು, ಏಕೆಂದರೆ ಕತ್ತರಿ ಚಕ್ರದ ಹರಿತವಾದ ಅಂಚು ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಗೇರಿಗೆ ಅಡುಗೆ ಎಣ್ಣೆ ಹಾಕಲಿಲ್ಲ. ಅದು ಕೆಲವು ವಾರಗಳಲ್ಲಿ ಜಿಗುಟಾಗಿ ಹೊಸ ಕೊಳೆಯನ್ನು ಹಿಡಿದಿಡುತ್ತದೆ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ದರ್ಜೆಯ ಮಿನರಲ್ ಎಣ್ಣೆಯ ಒಂದೇ ಹನಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿದರು.

ಮುಂದಿನ ಡಬ್ಬಿಯಲ್ಲಿ ಜಾರುವಿಕೆ ನಿಂತಿತು. ಅಂಚಿನ ಅಡಿಯ ಕಚ್ಚುಗಳು ಸುತ್ತಲೂ ಸ್ಪಷ್ಟವಾಗಿದ್ದವು. ಆದರೆ ಪ್ರತಿ 5 ಸೆಂಟಿಮೀಟರಿಗೆ ಒಂದು ಕಡೆ ಮುಚ್ಚಳದ ಅಂಚು ಇನ್ನೂ ಹರಿದಂತೆಯೇ ಇತ್ತು. ಕತ್ತರಿ ಚಕ್ರದ ಮೇಲೆ ಉಗುರು ಎಳೆದು ನೋಡಿದರೆ ಒಂದು ಚಿಕ್ಕ ಚಕ್ಕೆ ಎದ್ದುಹೋಗಿತ್ತು. ಮನೆಯವರ ತೀರ್ಪಿನ ಸರಿಯಾದ ಅರ್ಧ ಇದು.

ಆ ಚಕ್ಕೆಯನ್ನು ತೊಳೆದು ಸರಿಪಡಿಸಲಾಗದು. ಮೊಂಡಾದ ಚಕ್ರ ತಗಡನ್ನು ಕೊಯ್ಯದೆ ಹರಿಯುವುದರಿಂದ ಲೋಹದ ಸೂಕ್ಷ್ಮ ಎಳೆಗಳು ಎದ್ದು ಆಹಾರಕ್ಕೆ ಬೀಳಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೋಟೆಲುಗಳಿಗಾಗಿ ಸಿದ್ಧಪಡಿಸಿದ ಮಾದರಿ ಆಹಾರ ಸಂಹಿತೆ ಇದೇ ಕಾರಣ ಕೊಟ್ಟು, ಓಪನರಿನ ಕತ್ತರಿಸುವ ಭಾಗ ಹರಿತವಾಗಿರಬೇಕು, ತೊಳೆಯಲೂ ಬದಲಾಯಿಸಲೂ ಸುಲಭವಾಗಿ ಬಿಚ್ಚುವಂತಿರಬೇಕು ಎನ್ನುತ್ತದೆ. ದೊಡ್ಡ ಅಡುಗೆಮನೆಗಳ ಮೇಜಿಗೆ ಬಿಗಿಯುವ ಓಪನರುಗಳಿಗೆ ಬ್ಲೇಡು ಮತ್ತು ಗೇರು ಬಿಡಿಭಾಗವಾಗಿ ಸಿಗುತ್ತವೆ. ಮನೆಬಳಕೆಯ ಬಹುತೇಕ ಓಪನರುಗಳಲ್ಲಿ ಚಕ್ರವನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ, ಬಿಚ್ಚಲು ಬರುವುದಿಲ್ಲ.

ಆ ಗೃಹಿಣಿ ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯಲ್ಲೇ ಹಿಡಿಗಳನ್ನು ಮುಚ್ಚಿ, ಟ್ಯೂಬ್‌ಲೈಟಿಗೆ ಎದುರು ಹಿಡಿದು, ಚಕ್ರಗಳ ನಡುವಿನ ಸಂದನ್ನು ನೋಡಿದರು. ಕಿವಿಯನ್ನು ಒಂದು ಸುತ್ತು ತಿರುವಿದರು. ಮೊದಲು ತೋರಿಸಿದ ಓಪನರಿನಲ್ಲಿ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೇಳಿದರು.