ಮತ್ತೆ ಮತ್ತೆ ‘ಮತ್ತು’

ಊರಿನಲ್ಲಿರುವ ಅಕ್ಕನಿಗೆ ಸಂದೇಶ ಬರೆಯುತ್ತಿದ್ದೆ. ‘ಅಕ್ಕಾ, ನಾನು ನಾಳೆ ಬೆಳಿಗ್ಗೆ ಊರಿಗೆ’ ಎಂದು ಟೈಪ್ ಮಾಡಿ ಸ್ಪೇಸ್ ಒತ್ತಿದೆ. ಕೀಬೋರ್ಡಿನ ನೆತ್ತಿಯ ಮೇಲೆ ಮೂರು ಪದ ಬಂದು ಕೂತವು: ‘ಬಂದ’, ‘ಒಂದು’, ‘ಮತ್ತು’. ಶಾಲೆಗೆ ಹೋಗದ ಮಗುವನ್ನು ಕೇಳಿದರೂ ‘ಬರ್ತೀನಿ’ ಅಂತ ಹೇಳುತ್ತಿತ್ತು. ನಾನೇ ಅದನ್ನು ಟೈಪ್ ಮಾಡಿ, ‘ಹಲಸಿನ ಹಪ್ಪಳಾನೂ’ ಎಂದು ಮುಂದುವರಿಸಿದೆ. ಈ ಸಲ ಬಂದದ್ದು ‘ಮತ್ತು’, ‘ಒಂದು’, ‘ಈ’.

ಹಪ್ಪಳಾನೂ ಮತ್ತು! ‘ಹಪ್ಪಳಾನೂ’ ಅಂದಾಗಲೇ ಕೊನೆಯ ‘ಊ’ಕಾರ ‘ಮತ್ತು’ವಿನ ಕೆಲಸ ಮಾಡಿಬಿಟ್ಟಿದೆ. ಮಾತನಾಡುವಾಗ ನಾವು ‘ಅಕ್ಕ ಮತ್ತು ಭಾವ ಬಂದರು’ ಅನ್ನುವುದು ಅಪರೂಪ, ‘ಅಕ್ಕಾನೂ ಭಾವಾನೂ ಬಂದ್ರು’ ಅನ್ನುತ್ತೇವೆ. ‘ಮತ್ತು’ ಬರವಣಿಗೆಯ ಪದ, ಅದರಲ್ಲೂ ಸುದ್ದಿ ಮತ್ತು ಸುತ್ತೋಲೆಗಳ ಪದ. ಆಡುವ ಕನ್ನಡದಲ್ಲಿ ಇಷ್ಟು ವಿರಳವಾದ ಪದವನ್ನು ಕೀಬೋರ್ಡು ಎಲ್ಲೆಂದರಲ್ಲಿ ಯಾಕೆ ಮುಂದಿಡುತ್ತದೆ ಎಂದು ಹುಡುಕುತ್ತ ಹೋದರೆ, ಅದು ಕನ್ನಡ ಕಲಿಯುವ ರೀತಿಯೇ ಗೊತ್ತಾಗುತ್ತದೆ.

ಕೀಬೋರ್ಡಿಗೆ ಅರ್ಥ ಗೊತ್ತಿಲ್ಲ, ಎಣಿಕೆ ಗೊತ್ತು. ಕನ್ನಡದ ಲಕ್ಷಾಂತರ ವಾಕ್ಯಗಳನ್ನು ಅದಕ್ಕೆ ಮೊದಲೇ ಓದಿಸಿರುತ್ತಾರೆ. ಅವುಗಳಲ್ಲಿ ಯಾವ ಪದದ ಹಿಂದೆ ಯಾವ ಪದ ಎಷ್ಟು ಸಲ ಬಂದಿದೆ ಎಂಬ ಲೆಕ್ಕವನ್ನು ಒಂದು ಪಟ್ಟಿಯಾಗಿ ಫೋನಿನಲ್ಲಿ ಇಟ್ಟಿರುತ್ತಾರೆ. ಇದು ಹಳೆಯ ಉಪಾಯ. ರಷ್ಯಾದ ಗಣಿತಜ್ಞ ಆಂದ್ರೆಯ್ ಮಾರ್ಕೊವ್ 1913ರಲ್ಲಿ ಪುಷ್ಕಿನ್ನನ ಒಂದು ಕಾವ್ಯದ ಇಪ್ಪತ್ತು ಸಾವಿರ ಅಕ್ಷರಗಳನ್ನು ಕೈಯಲ್ಲೇ ಎಣಿಸಿ, ಸ್ವರದ ನಂತರ ಸ್ವರ ಎಷ್ಟು ಸಲ, ವ್ಯಂಜನ ಎಷ್ಟು ಸಲ ಎಂದು ಲೆಕ್ಕ ಹಾಕಿದ್ದ. ಅವನು ಅಕ್ಷರಕ್ಕೆ ಮಾಡಿದ್ದನ್ನು ಪದಕ್ಕೆ ಮಾಡಿದರೆ ಸಿಗುವುದೇ ಎನ್-ಗ್ರಾಮ್ ಎಂಬ ಮಾದರಿ. ಫೋನಿನ ಕೀಬೋರ್ಡುಗಳು ಬಹುಕಾಲ ಇದನ್ನೇ ನೆಚ್ಚಿಕೊಂಡಿದ್ದವು.

ಸಾಮಾನ್ಯವಾಗಿ ಇಂಥ ಮಾದರಿ ಹಿಂದಿನ ಎರಡು ಪದಗಳನ್ನು ನೋಡುತ್ತದೆ. ನನ್ನ ಸಂದೇಶದಲ್ಲಿ ಅದರ ಕಣ್ಣಿಗೆ ಬಿದ್ದದ್ದು ‘ಬೆಳಿಗ್ಗೆ ಊರಿಗೆ’ ಎಂಬ ಜೋಡಿ ಮಾತ್ರ. ಈ ಜೋಡಿ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಒಂದು ಮೆಟ್ಟಿಲು ಇಳಿದು, ‘ಊರಿಗೆ’ ಎಂಬ ಒಂದೇ ಪದದ ನಂತರ ಏನೇನು ಬಂದಿದೆ ಎಂದು ನೋಡುತ್ತದೆ. ಅದೂ ಇಲ್ಲದಿದ್ದರೆ ಇನ್ನೊಂದು ಮೆಟ್ಟಿಲು ಇಳಿದು, ಹಿಂದಿನದನ್ನೆಲ್ಲ ಮರೆತು, ಇಡೀ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೂರು ಪದಗಳನ್ನು ತಂದಿಡುತ್ತದೆ. ಈ ಇಳಿಯುವಿಕೆಗೆ ಬ್ಯಾಕ್-ಆಫ್ ಎನ್ನುತ್ತಾರೆ. ‘ಹಪ್ಪಳಾನೂ’ ಎಂಬ ರೂಪವನ್ನು ನನ್ನ ಕೀಬೋರ್ಡು ಕಂಡೇ ಇರಲಿಲ್ಲವೆಂದು ತೋರುತ್ತದೆ. ಅದು ನೇರವಾಗಿ ಕೊನೆಯ ಮೆಟ್ಟಿಲಿಗೆ ಜಾರಿತು. ‘ಮತ್ತು, ಒಂದು, ಈ’ ಕಂಡಾಗಲೆಲ್ಲ ಹೀಗೇ ತಿಳಿಯಬಹುದು: ಅದು ಊಹಿಸುತ್ತಿಲ್ಲ, ಗೊತ್ತಿಲ್ಲ ಎಂದು ಹೇಳಲಾರದೆ ಏನೋ ಒಂದನ್ನು ಹೇಳುತ್ತಿದೆ.

ಇಂಗ್ಲಿಷ್ ಕೀಬೋರ್ಡೂ ಇದೇ ಮೆಟ್ಟಿಲು ಇಳಿಯುತ್ತದೆ, ಆದರೆ ಇಷ್ಟು ಬೇಗ ಇಳಿಯುವುದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ‘ಮನೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ಮನೆ, ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ: ಆರು ರೂಪಗಳು. ‘ಮನೆಗಳು’ ಎಂದು ಬಹುವಚನ ಮಾಡಿದರೆ ಇನ್ನಾರು, ಒಟ್ಟು ಹನ್ನೆರಡು. ಇವುಗಳಲ್ಲಿ ಪ್ರತಿಯೊಂದಕ್ಕೂ ಬಾಲ ಹಚ್ಚಬಹುದು: ಮನೆಗೂ, ಮನೆಗೇ, ಮನೆಗೋ, ಮನೆಗಾ, ಮನೆಗಂತೆ. ಬಾಲವಿಲ್ಲದ್ದೂ ಸೇರಿ ಪ್ರತಿ ರೂಪಕ್ಕೆ ಆರು. ಹನ್ನೆರಡಾರಲಿ ಎಪ್ಪತ್ತೆರಡು. ಆಡುಮಾತಿನ ‘ಮನೇಲಿ’, ‘ಮನೇನ’ಗಳನ್ನು, ‘ಮನೆಯಲ್ಲಿದ್ದಾರಂತೆ’ ಎಂದು ಕ್ರಿಯಾಪದವನ್ನೂ ಎಳೆದುಕೊಂಡು ಬರುವ ಉದ್ದ ರೂಪಗಳನ್ನು ಇನ್ನೂ ಎಣಿಸಿಯೇ ಇಲ್ಲ. ನಮ್ಮ ಕಿವಿಗೆ ಇವೆಲ್ಲ ಒಂದೇ ಮನೆ. ಸ್ಪೇಸಿನಿಂದ ಸ್ಪೇಸಿಗೆ ಪದ ಎಣಿಸುವ ಯಂತ್ರಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಎಪ್ಪತ್ತೆರಡು ಪದಗಳು.

ಇದರಿಂದ ಏನಾಗುತ್ತದೆ ಎಂಬುದನ್ನು ಚುನಾವಣೆ ನೋಡಿದವರಿಗೆ ವಿವರಿಸುವುದು ಸುಲಭ. ಓದಿಸಿದ ಪಠ್ಯದಲ್ಲಿ ‘ಊರಿಗೆ’ ಎಂಬುದು ನೂರು ಸಲ ಬಂದಿದೆ ಎಂದಿಟ್ಟುಕೊಳ್ಳೋಣ. ಅದರ ನಂತರ ‘ಬರ್ತೀನಿ’ ಐದು ಸಲ, ‘ಬರುತ್ತೇನೆ’ ಐದು ಸಲ, ಕರಾವಳಿಯವರ ‘ಬರ್ತೇನೆ’ ನಾಲ್ಕು, ದೀರ್ಘ ಹಾಕದೆ ಬರೆದ ‘ಬರ್ತಿನಿ’ ಮೂರು, ಧಾರವಾಡದ ಕಡೆಯ ‘ಬರ್ತೀನ್ರಿ’ ಎರಡು. ಹೇಳುತ್ತಿರುವ ಮಾತು ಒಂದೇ, ಮತ ಒಟ್ಟು ಹತ್ತೊಂಬತ್ತು. ಎದುರಿಗೆ ‘ಬಂದ’ ಒಂಬತ್ತು, ‘ಒಂದು’ ಏಳು, ‘ಮತ್ತು’ ಆರು. ಉಳಿದವು ಒಂದೊಂದು ಎರಡೆರಡು ಸಲ ಬಂದ ಪದಗಳು. ಎಲ್ಲರಿಗಿಂತ ಹೆಚ್ಚು ಮತವಿರುವ ಬಣ ಐದು ಹೋಳಾಗಿ ಮತ ಒಡೆದುಕೊಂಡು ಸೋತಿತು. ಒಂಬತ್ತು ಮತದ ‘ಬಂದ’ ಗೆದ್ದು ಕುರ್ಚಿ ಏರಿತು.

ಮತ ಒಡೆಯುವುದಲ್ಲದೆ ಇನ್ನೊಂದು ತೊಡಕೂ ಇದೆ. ‘ಬರ್ತೀನಿ’ಯ ಕೊನೆಯನ್ನು ತೀರ್ಮಾನಿಸುವುದು ‘ನಾನು’. ‘ಅವರು’ ಆಗಿದ್ದರೆ ‘ಬರ್ತಾರೆ’, ‘ನೀನು’ ಆಗಿದ್ದರೆ ‘ಬರ್ತೀಯ’. ಆದರೆ ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಅಷ್ಟರೊಳಗೆ ‘ನಾಳೆ ಬೆಳಿಗ್ಗೆ ಊರಿಗೆ’ ನಡುವೆ ಬಂದು, ಎರಡೇ ಪದ ಹಿಂದೆ ನೋಡಬಲ್ಲ ಕೀಬೋರ್ಡಿಗೆ ‘ನಾನು’ ಕಣ್ಮರೆಯಾಗಿರುತ್ತದೆ. ನ್ಯೂರಲ್ ಮಾದರಿಗಳು ಇಡೀ ವಾಕ್ಯವನ್ನು ನೆನಪಿಟ್ಟುಕೊಳ್ಳಬಲ್ಲವು, ಹಾಗಾಗಿ ಈ ತಪ್ಪು ಅವುಗಳಲ್ಲಿ ಕಡಿಮೆ. ಆದರೆ ಫೋನಿನಲ್ಲಿ ಜಾಗವೂ ಕಡಿಮೆ, ಸಮಯವೂ ಕಡಿಮೆ. ಬೆರಳು ಎತ್ತುವುದರೊಳಗೆ ಉತ್ತರ ಬರಬೇಕು. ಗೂಗಲ್ಲಿನ ತಂತ್ರಜ್ಞರು 2018ರಲ್ಲಿ ತಮ್ಮ ಇಂಗ್ಲಿಷ್ ಕೀಬೋರ್ಡಿನ ಇಂಥ ಒಂದು ಮಾದರಿಯನ್ನು ವಿವರಿಸಿದಾಗ, ಅದರ ಪದಪಟ್ಟಿಯಲ್ಲಿ ಇದ್ದದ್ದು ಹತ್ತು ಸಾವಿರ ಪದ. ಇಂಗ್ಲಿಷಿನ ದಿನಬಳಕೆಗೆ ಅದು ಬಹುಮಟ್ಟಿಗೆ ಸಾಕು. ಅಷ್ಟೇ ದೊಡ್ಡ ಪಟ್ಟಿಯಲ್ಲಿ ‘ಮನೆ’ಯ ಹಾಗೆ ಎಪ್ಪತ್ತೆರಡೆಪ್ಪತ್ತೆರಡು ರೂಪ ತುಂಬುತ್ತ ಹೋದರೆ, ನೂರ ನಲವತ್ತು ನಾಮಪದ ಮುಗಿಯುವುದರೊಳಗೆ ಪಟ್ಟಿ ಭರ್ತಿ. ಪಟ್ಟಿಯ ಹೊರಗುಳಿದ ರೂಪವನ್ನು ಕೀಬೋರ್ಡು ಎಂದೂ ಸೂಚಿಸಲಾರದು.

ಇನ್ನು, ಓದಿಸಿದ ಪಠ್ಯ ಎಲ್ಲಿಯದು? ಬಹುಪಾಲು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಕನ್ನಡ: ಸುದ್ದಿ, ವಿಕಿಪೀಡಿಯ, ಪ್ರಕಟಣೆಗಳು. ಅಲ್ಲಿ ‘ಹೇಳಿದರು’, ‘ತಿಳಿಸಿದ್ದಾರೆ’ ಹೇರಳ. ‘ಊಟ ಆಯ್ತಾ’ ಎಂದು ಯಾವ ವರದಿಗಾರನೂ ಬರೆಯುವುದಿಲ್ಲ. ನಾವು ಪರಸ್ಪರ ಬರೆಯುವ ಕನ್ನಡದಲ್ಲಿ ಎಷ್ಟೋ ಭಾಗ ‘oota aytha’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿದೆ, ಕನ್ನಡ ಲಿಪಿಯ ಲೆಕ್ಕಕ್ಕೆ ಅದು ಜಮೆಯಾಗುವುದೇ ಇಲ್ಲ. ದಶಕಗಳ ಕಾಲ ಡಿಟಿಪಿಯಲ್ಲಿ ಸಿದ್ಧವಾದ ಪುಸ್ತಕಗಳ ಕಥೆ ಬೇರೆ. ಅವು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿವೆ. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವುದು ಒಳಗೆ ನುಡಿ ಫಾಂಟಿನಲ್ಲಿ ಹೀಗಿರುತ್ತದೆ:

```
PÀ£ÀßqÀ
```

ಯೂನಿಕೋಡಿಗೆ ಬದಲಿಸದ ಹೊರತು ಯಂತ್ರಕ್ಕೆ ಇದು ಕನ್ನಡವೇ ಅಲ್ಲ. ಯೂನಿಕೋಡಿನಲ್ಲಿರುವ ಪಠ್ಯವಾದರೂ ಶುದ್ಧವೇ ಎಂದರೆ ಅದೂ ಇಲ್ಲ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ. ಅನುಸ್ವಾರ ಹಾಕಬೇಕಾದಲ್ಲಿ ಅಂಕಿ ಹಾಕಿ ಟೈಪ್ ಮಾಡಿದ ಪುಟಗಳು ಇಂದಿಗೂ ಸಿಗುತ್ತವೆ.

```
ಬಂದ   U+0C82
ಬ೦ದ   U+0CE6
```

ನಮ್ಮ ಕಣ್ಣಿಗೆ ಎರಡೂ ‘ಬಂದ’. ಯಂತ್ರಕ್ಕೆ ಎರಡನೆಯದು, ನಡುವೆ ಅಂಕಿ ಸಿಕ್ಕಿಹಾಕಿಕೊಂಡ ಯಾವುದೋ ಪದ. ಇಂಥದ್ದನ್ನು ಮೊದಲೇ ಹೆಕ್ಕಿ ತೆಗೆಯದಿದ್ದರೆ ಆಗಲೇ ಒಡೆದ ಮತ ಇನ್ನಷ್ಟು ಒಡೆಯುತ್ತದೆ. ಅನುಮಾನ ಬಂದರೆ ನೀವೇ ಪರೀಕ್ಷಿಸಬಹುದು: ಕಣ್ಣೆದುರೇ ಇರುವ ಪದವನ್ನು ಪುಟದಲ್ಲಿ ಹುಡುಕಿದರೆ ‘ಸಿಗಲಿಲ್ಲ’ ಎಂದು ಬಂದರೆ ಒಳಗೆ ಕುಳಿತಿರುವುದು ಇಂಥ ಸೊನ್ನೆಯೇ ಇರಬಹುದು.

ರೂಪಗಳ ಸಮಸ್ಯೆಗೆ ಒಂದು ದಾರಿ, ಪದವನ್ನು ಇಡಿಯಾಗಿ ಎಣಿಸದೆ ತುಂಡು ಮಾಡಿ ಎಣಿಸುವುದು. ‘ಮನೆ’ ಒಂದು ತುಂಡು, ‘ಗೆ’ ಒಂದು, ‘ಊ’ ಒಂದು. ಆಗ ಎಪ್ಪತ್ತೆರಡು ರೂಪಗಳ ಜಾಗದಲ್ಲಿ ಕೆಲವೇ ತುಂಡುಗಳು ಸಾಕು, ಒಡೆದ ಮತವೂ ಒಂದುಗೂಡುತ್ತದೆ. ಆದರೆ ಕನ್ನಡದ ತುಂಡುಗಳು ಇಟ್ಟಿಗೆಯ ಹಾಗೆ ಕೂರುವುದಿಲ್ಲ. ಮನೆಗೆ ಸರಿ, ‘ಪುಸ್ತಕಗೆ’ ತಪ್ಪು, ಅದು ‘ಪುಸ್ತಕಕ್ಕೆ’ ಆಗಬೇಕು. ಅಣ್ಣನಿಗೆ ನಡುವೆ ‘ನಿ’ ಬೇಕು, ಕಾರಿಗೆ ‘ಉ’ಕಾರ ಬಿಡಬೇಕು. ಸಂಧಿಯಲ್ಲಿ ಅಂಚು ಕರಗಿಹೋಗುತ್ತದೆ. ಸಾಕಷ್ಟು ಓದಿಸದೆ ಬಿಟ್ಟರೆ ಇಂಥ ಮಾದರಿ ಯಾರೂ ಆಡದ ಪದಗಳನ್ನು ಕಟ್ಟಿಕೊಡುತ್ತದೆ. ಒಂದು ಪದಕ್ಕೆ ಎರಡು ಮೂರು ಸಲ ಊಹಿಸಬೇಕಾದ್ದರಿಂದ ಸಮಯವೂ ಅಷ್ಟು ಹೆಚ್ಚು ಬೇಕು.

ಅಲ್ಲಿಯವರೆಗೆ ಕೆಲಸಕ್ಕೆ ಬರುವುದು ಕೀಬೋರ್ಡಿನ ಎರಡನೆಯ ಪಟ್ಟಿ. ನಾವು ಟೈಪ್ ಮಾಡಿದ ಪದಗಳನ್ನು ಅದು ಫೋನಿನಲ್ಲೇ ಪ್ರತ್ಯೇಕವಾಗಿ ಎಣಿಸಿಟ್ಟುಕೊಳ್ಳುತ್ತದೆ. ಕೆಲವು ಕೀಬೋರ್ಡುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಫೋನು ಚಾರ್ಜಿಗೆ ಹಾಕಿ, ವೈಫೈ ಇದ್ದು, ಸುಮ್ಮನಿರುವ ಹೊತ್ತಿನಲ್ಲಿ ಕಲಿತು, ಬರೆದ ಸಂದೇಶವನ್ನು ಕಳಿಸದೆ ಕಲಿಕೆಯಿಂದ ಮಾದರಿಯಲ್ಲಾದ ಬದಲಾವಣೆಯನ್ನಷ್ಟೇ ಕಂಪನಿಗೆ ಕಳಿಸುತ್ತವೆ. ಫೆಡರೇಟೆಡ್ ಲರ್ನಿಂಗ್ ಎಂಬ ಈ ವಿಧಾನವನ್ನು ಗೂಗಲ್ 2017ರಲ್ಲಿ ತನ್ನ ಕೀಬೋರ್ಡಿನಲ್ಲಿ ಪರೀಕ್ಷಿಸುತ್ತಿರುವುದಾಗಿ ಹೇಳಿತು.

ಈ ಎರಡನೆಯ ಪಟ್ಟಿ ನಾವು ಕಲಿಸಿದ್ದನ್ನೇ ಕಲಿಯುತ್ತದೆ, ಒಂದಕ್ಷರ ಆಚೀಚೆ ಇಲ್ಲ. ಕೆಲವು ವಾರಗಳ ನಂತರ ‘ನಾಳೆ ಊರಿಗೆ’ ಎಂದು ಬರೆದಾಗ ನನ್ನ ಪಟ್ಟಿಯಲ್ಲಿ ಕೊನೆಗೂ ನಡುವಿನ ಜಾಗಕ್ಕೆ ಬೇಕಾದ ಪದವೇ ಬಂದಿತ್ತು: ‘ಬರ್ತಿನಿ’. ಅವಸರದಲ್ಲಿ ದೀರ್ಘ ಬಿಟ್ಟು ನಾನೇ ಹತ್ತಾರು ಸಲ ಬರೆದಿದ್ದೆ. ಅದರ ಮೇಲೆ ಬೆರಳನ್ನು ಒತ್ತಿ ಹಿಡಿದು, ಕಾಣಿಸಿದ ಕಸದ ಬುಟ್ಟಿಗೆ ಎಳೆದು ಹಾಕಿದೆ. ಆ ಜಾಗಕ್ಕೆ ಇನ್ನೊಂದು ಪದ ಬಂದು ಕೂತಿತು: ‘ಮತ್ತು’. ಅದನ್ನು ಬಿಟ್ಟು, ಈ ಸಲ ದೀರ್ಘ ಹಾಕಿಯೇ ‘ಬರ್ತೀನಿ’ ಎಂದು ಟೈಪ್ ಮಾಡಿದೆ. ಒಂದು ಮತ ಚಲಾವಣೆಯಾಯಿತು.