ಹದಿನಾರು ಲಕ್ಷ ಸುಟ್ಟರೆ ಹತ್ತು ಲಕ್ಷವೇಕೆ?

ಅಂಗಡಿಗೆ ಬೆಂಕಿ ವಿಮೆ ಮಾಡಿಸಿದವರ ಲೆಕ್ಕ ಸರಳವಾಗಿರುತ್ತದೆ. ನಲವತ್ತು ಲಕ್ಷದ ಪಾಲಿಸಿ ಇದೆ, ಹಾಗಾಗಿ ನಲವತ್ತು ಲಕ್ಷದೊಳಗಿನ ಯಾವ ನಷ್ಟವಾದರೂ ಪೂರ್ತಿ ಬರುತ್ತದೆ ಎಂದುಕೊಂಡಿರುತ್ತಾರೆ. ಪಾಲಿಸಿಯ ಷರತ್ತುಗಳ ನಡುವೆ ಇರುವ ಒಂದು ಪ್ಯಾರಾ ಈ ಲೆಕ್ಕವನ್ನು ಒಪ್ಪುವುದಿಲ್ಲ. ವಿಮೆಯವರು ಅದನ್ನು ಅವರೇಜ್ ಕ್ಲಾಸ್ ಎನ್ನುತ್ತಾರೆ. ಅದರ ಹೂರಣ ಇಷ್ಟು: ಬೆಂಕಿ ಬಿದ್ದ ಹೊತ್ತಿಗೆ ಅಂಗಡಿಯಲ್ಲಿದ್ದ ಮಾಲಿನ ಒಟ್ಟು ಬೆಲೆ ವಿಮಾ ಮೊತ್ತಕ್ಕಿಂತ ಹೆಚ್ಚಾಗಿದ್ದರೆ, ಆ ಹೆಚ್ಚಿನ ಭಾಗಕ್ಕೆ ಮಾಲೀಕನೇ ತನಗೆ ತಾನು ವಿಮೆ ಕಂಪನಿ. ನಷ್ಟದಲ್ಲಿ ಅದೇ ಪ್ರಮಾಣದ ಪಾಲನ್ನು ಅವನೂ ಹೊರಬೇಕು.

ದಾವಣಗೆರೆಯ ಒಂದು ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳೋಣ. ಬ್ಯಾಂಕಿನಿಂದ ನಲವತ್ತು ಲಕ್ಷ ರೂಪಾಯಿ ಸಿ.ಸಿ. ಸಾಲ ಇದೆ. ಸಾಲ ಕೊಡುವಾಗಲೇ ಬ್ಯಾಂಕಿನವರು ವಿಮೆಯ ಅರ್ಜಿಗೂ ಸಹಿ ಹಾಕಿಸಿಕೊಂಡು, ದಾಸ್ತಾನಿಗೆ ಸಾಲದಷ್ಟೇ ಮೊತ್ತದ, ಅಂದರೆ ನಲವತ್ತು ಲಕ್ಷದ ಪಾಲಿಸಿ ಮಾಡಿಸಿದರು. ಸಾಲದ ಮಿತಿಗೂ ಅಂಗಡಿಯಲ್ಲಿರುವ ಮಾಲಿನ ಬೆಲೆಗೂ ಸಂಬಂಧವೇ ಇಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನ್ನ ಪ್ರಕಾರ ಕಡಿಮೆ ವಿಮೆಯ ತೊಂದರೆ ಬಹುಪಾಲು ಹುಟ್ಟುವುದು ಈ ಮೇಜಿನ ಮೇಲೆಯೇ. ಬ್ಯಾಂಕು ನೋಡುವುದು ತನ್ನ ಸಾಲ ಭದ್ರವಾಗಿದೆಯೇ ಎಂದು ಮಾತ್ರ.

ದೀಪಾವಳಿಗೆ ಎರಡು ವಾರ ಮುಂಚೆ ಮಾಳಿಗೆಯ ಗೋದಾಮಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿತು. ಅಗ್ನಿಶಾಮಕ ದಳ ಬರುವಷ್ಟರಲ್ಲಿ ಹದಿನೆಂಟು ಲಕ್ಷದ ಮಾಲು ಹಾಳಾಗಿತ್ತು. ಕೆಳಗಿನ ಅಂಗಡಿ ಉಳಿಯಿತು. ವಿಮೆ ಕಂಪನಿ ಲೈಸೆನ್ಸ್ ಇರುವ ಸರ್ವೇಯರೊಬ್ಬರನ್ನು ಕಳಿಸಿತು. ಹೊಗೆ ಹಿಡಿದ, ನೀರಿನಲ್ಲಿ ನೆನೆದ ಥಾನುಗಳನ್ನು ಮಾರಿದರೆ ಎರಡು ಲಕ್ಷ ಬಂದೀತೆಂದು ಅಂದಾಜಾಯಿತು. ಇದಕ್ಕೆ ಸಾಲ್ವೇಜ್ ಎಂದು ಹೆಸರು. ಅದನ್ನು ಕಳೆದರೆ ಉಳಿದ ನಷ್ಟ ಹದಿನಾರು ಲಕ್ಷ.

ಮಾಲೀಕರು ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡರು. ಸರ್ವೇಯರರ ಮುಖ್ಯ ಕೆಲಸ ಆಗಿನ್ನೂ ಶುರುವಾಗಿತ್ತು. ಸುಟ್ಟ ಮಾಲಿನ ಜೊತೆಗೆ ಸುಡದೆ ಉಳಿದ ಮಾಲನ್ನೂ ಅವರು ಲೆಕ್ಕ ಹಾಕುತ್ತಾರೆ. ಬೆಂಕಿಯ ಹಿಂದಿನ ಕ್ಷಣದಲ್ಲಿ ಒಟ್ಟು ಎಷ್ಟು ಬೆಲೆಯ ದಾಸ್ತಾನಿತ್ತು ಎಂಬುದು ಅವರಿಗೆ ಬೇಕು. ಸುಟ್ಟ ಬಟ್ಟೆಯನ್ನು ಎಣಿಸಲಾಗದು, ಹಾಗಾಗಿ ಖಾತೆ ಪುಸ್ತಕದಿಂದ ತೆಗೆಯುತ್ತಾರೆ. ಏಪ್ರಿಲ್ ಒಂದರಂದು ಇದ್ದ ದಾಸ್ತಾನು 38 ಲಕ್ಷ. ಅಲ್ಲಿಂದ ಬೆಂಕಿಯ ದಿನದವರೆಗೆ ಕೊಂಡ ಮಾಲು 106 ಲಕ್ಷ. ಎರಡೂ ಸೇರಿ 144 ಲಕ್ಷ. ಮಾರಾಟ ಒಂದು ಕೋಟಿ ರೂಪಾಯಿಯದು. ಹಿಂದಿನ ವರ್ಷಗಳ ಲೆಕ್ಕದಂತೆ ಅದರಲ್ಲಿ ಶೇಕಡಾ 20 ಲಾಭ, ಆದ್ದರಿಂದ ಮಾರಿ ಹೋದ ಮಾಲಿನ ಅಸಲು 80 ಲಕ್ಷ. 144ರಲ್ಲಿ 80 ಕಳೆದರೆ 64 ಲಕ್ಷ. ಗಮನಿಸಿ, ಇದು ಅಸಲಿನ ಬೆಲೆ. ಗಿರಾಕಿಗೆ ಹೇಳುವ ದರವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದ್ದ ಮಾಲು 64 ಲಕ್ಷದ್ದು, ವಿಮೆ 40 ಲಕ್ಷಕ್ಕೆ. ಅಂದರೆ ಎಂಟು ಪಾಲಿನಲ್ಲಿ ಐದು ಪಾಲಿಗೆ ಮಾತ್ರ ವಿಮೆ ಇದೆ. ಸುಟ್ಟ ಪ್ರತಿ ಎಂಟು ರೂಪಾಯಿಯಲ್ಲೂ ಕಂಪನಿ ಐದು ಕೊಡುತ್ತದೆ, ಮೂರು ಮಾಲೀಕನದು. ಹದಿನಾರು ಲಕ್ಷಕ್ಕೆ ಹತ್ತು ಲಕ್ಷ. ಪಾಲಿಸಿಯ ಪ್ರಕಾರ ಕ್ಲೇಮಿನ ಶೇಕಡಾ 5ರಷ್ಟು ಎಕ್ಸೆಸ್ ಎಂದು ಮುರಿದುಕೊಳ್ಳುವುದಿದ್ದರೆ ಇನ್ನೂ ಐವತ್ತು ಸಾವಿರ ಹೋಗಿ ಒಂಬತ್ತೂವರೆ ಲಕ್ಷ ಉಳಿಯುತ್ತದೆ. ನಲವತ್ತು ಲಕ್ಷದ ಪಾಲಿಸಿಯಲ್ಲಿ ಹದಿನಾರು ಲಕ್ಷವನ್ನೂ ಕೊಡುವುದಿಲ್ಲವಲ್ಲ ಎಂದು ಮಾಲೀಕರು ಜಗಳಕ್ಕೆ ನಿಲ್ಲುವುದು ಇಲ್ಲೇ.

ಸ್ವಾರಸ್ಯವೆಂದರೆ ಇಡೀ ಅಂಗಡಿ ಸುಟ್ಟು ಬೂದಿಯಾಗಿದ್ದರೆ ಈ ಕ್ಲಾಸ್ ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಅರವತ್ತನಾಲ್ಕು ಲಕ್ಷದ ಎಂಟರಲ್ಲಿ ಐದು ಪಾಲು ಎಂದರೆ ನಲವತ್ತು ಲಕ್ಷವೇ. ವಿಮಾ ಮೊತ್ತ ಪೂರ್ತಿ ಬರುತ್ತಿತ್ತು. ಅವರೇಜ್ ಕಚ್ಚುವುದು ಅರ್ಧಂಬರ್ಧ ಸುಟ್ಟಾಗ. ಹೆಚ್ಚಿನ ಬೆಂಕಿಗಳು ಆಗುವುದೂ ಹಾಗೆಯೇ. ಈ ಷರತ್ತು ಇರುವುದಕ್ಕೆ ಕಾರಣವೂ ಅದೇ. ಹೇಗೂ ಪೂರ್ತಿ ಸುಡುವುದಿಲ್ಲ ಎಂದು ಎಲ್ಲರೂ ಮೂರನೇ ಒಂದು ಪಾಲಿಗೆ ವಿಮೆ ಮಾಡಿಸಿ, ಮೂರನೇ ಒಂದು ಪಾಲು ಪ್ರೀಮಿಯಂ ಕಟ್ಟಿ, ಸಣ್ಣ ನಷ್ಟಗಳನ್ನೆಲ್ಲ ಪೂರ್ತಿ ವಸೂಲು ಮಾಡಿದರೆ, ಪ್ರಾಮಾಣಿಕವಾಗಿ ಪೂರ್ತಿ ಬೆಲೆಗೆ ಮಾಡಿಸಿದವನು ಅವರೆಲ್ಲರ ಪರವಾಗಿಯೂ ಕಟ್ಟಿದಂತಾಗುತ್ತದೆ. ತತ್ತ್ವದಲ್ಲಿ ಷರತ್ತು ನ್ಯಾಯವಾದದ್ದೇ. ಪಾಲಿಸಿ ಮಾರುವ ದಿನ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ ಎಂಬುದಷ್ಟೇ ನನ್ನ ತಕರಾರು.

ಚಿಕ್ಕ ವ್ಯಾಪಾರಿಗಳಿಗೆ ಒಂದು ರಿಯಾಯಿತಿ ಇದೆ. 2021ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಜಾರಿಗೆ ತಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ಸಲ್ಲುತ್ತದೆ. ಐದರಿಂದ ಐವತ್ತು ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಎರಡರಲ್ಲೂ ಶೇಕಡಾ 15ರವರೆಗಿನ ಕೊರತೆಯನ್ನು ಮಾಫಿ ಮಾಡುತ್ತಾರೆ. ನಮ್ಮ ಬಟ್ಟೆ ವ್ಯಾಪಾರಿ 55 ಲಕ್ಷಕ್ಕೆ ಮಾಡಿಸಿದ್ದರೆ 64 ಲಕ್ಷಕ್ಕೆ ಹೋಲಿಸಿದಾಗ ಕೊರತೆ ಶೇಕಡಾ 14 ಚಿಲ್ಲರೆ. ಅವರೇಜ್ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಅವರ ಕೊರತೆ ಶೇಕಡಾ 37.5. ಸಾವಿರಕ್ಕೆ ಒಂದು ರೂಪಾಯಿ ದರ ಎಂದು ಹಿಡಿದರೆ, ಹೆಚ್ಚಿನ ಹದಿನೈದು ಲಕ್ಷಕ್ಕೆ ಅವರು ಕಟ್ಟಬೇಕಿದ್ದದ್ದು ತೆರಿಗೆ ಬಿಟ್ಟು ವರ್ಷಕ್ಕೆ ಒಂದೂವರೆ ಸಾವಿರ ರೂಪಾಯಿ. ಅದೇ ಸೀಸನ್ನಿಗೆ ಮುಂಚೆ ಮಾಲು ತುಂಬಿದಾಗ ವಿಮಾ ಮೊತ್ತ ಏರಿಸಿ ಎಂದು ಕಂಪನಿಗೆ ಬರೆದು, ಉಳಿದ ಅವಧಿಯ ಪ್ರೀಮಿಯಂ ಕಟ್ಟಿ, ಎಂಡಾರ್ಸ್‌ಮೆಂಟ್ ಪಡೆಯುವ ದಾರಿಯೂ ಇತ್ತು. ವರ್ಷದ ಸರಾಸರಿ ದಾಸ್ತಾನಿಗೆ ವಿಮೆ ಮಾಡಿಸಿದವರು ಸಿಕ್ಕಿಬೀಳುವುದೂ ಹಬ್ಬದ ಸಮಯದಲ್ಲೇ. ಹೋಲಿಕೆ ನಡೆಯುವುದು ಬೆಂಕಿಯ ದಿನದ ಬೆಲೆಯೊಂದಿಗೆ.

ಮನೆ ವಿಮೆ ಮಾಡಿಸಿದವರು ಇಷ್ಟು ಹೆದರಬೇಕಿಲ್ಲ. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನೇ ಕೈಬಿಟ್ಟಿದ್ದಾರೆ. ಮನೆಯ ವಿಸ್ತೀರ್ಣದಂಥ ವಿವರಗಳನ್ನು ಸರಿಯಾಗಿ ಕೊಟ್ಟಿರಬೇಕು, ಅಷ್ಟೆ.

ಕಾರ್ಖಾನೆಯವರ ಪಾಡು ಬೇರೆ. ಹತ್ತು ವರ್ಷದ ಹಿಂದೆ ಕೊಂಡ ಯಂತ್ರ ಸವಕಳಿ ಕಳೆದು ಪುಸ್ತಕದಲ್ಲಿ ಆರು ಲಕ್ಷಕ್ಕೆ ನಿಂತಿರುತ್ತದೆ. ಲೆಕ್ಕಿಗರು ಅದನ್ನೇ ವಿಮಾ ಮೊತ್ತವೆಂದು ಬರೆಸುತ್ತಾರೆ. ಪಾಲಿಸಿ ಹಳೆಯದರ ಬದಲು ಹೊಸ ಯಂತ್ರದ ಬೆಲೆ ಕೊಡುವ ಬಗೆಯದಾಗಿದ್ದು, ಅಂಥ ಹೊಸ ಯಂತ್ರಕ್ಕೆ ಮೂವತ್ತು ಲಕ್ಷವಾದರೆ, ಐದರಲ್ಲಿ ಒಂದು ಪಾಲಿಗೆ ಮಾತ್ರ ವಿಮೆ ಇದ್ದಂತಾಯಿತು. ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ ಕಟ್ಟಡ, ಯಂತ್ರ, ದಾಸ್ತಾನುಗಳಿಗೆ ಅವರೇಜ್ ಬೇರೆ ಬೇರೆಯಾಗಿ ಅನ್ವಯಿಸುವುದರಿಂದ ಕಟ್ಟಡಕ್ಕೆ ಹೆಚ್ಚು ಬರೆಸಿದ್ದು ಯಂತ್ರದ ಕೊರತೆಯನ್ನು ತುಂಬುವುದಿಲ್ಲ.

ಮತ್ತೆ ದಾವಣಗೆರೆಯ ಅಂಗಡಿಗೆ ಬಂದರೆ, ಒಂದು ಕಾಗದ ಮಾಲೀಕರ ನಿದ್ದೆ ಕೆಡಿಸಬಹುದು. ಸಾಲದಲ್ಲಿ ಹೆಚ್ಚು ಹಣ ತೆಗೆಯಲು ಅನುಕೂಲವಾಗಲಿ ಎಂದು ಪ್ರತಿ ತಿಂಗಳೂ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮಾಲನ್ನು ಏರಿಸಿ ತೋರಿಸುವ ಅಭ್ಯಾಸ ಕೆಲವರಿಗಿದೆ. ಅದರಲ್ಲಿ 72 ಲಕ್ಷ ಎಂದಿದ್ದರೆ ಸರ್ವೇಯರ್ ವಿವರಣೆ ಕೇಳುತ್ತಾರೆ. ಸಮಜಾಯಿಷಿ ಒಪ್ಪಿಗೆಯಾಗದೆ 72 ಲಕ್ಷವನ್ನೇ ಹಿಡಿದರೆ ಹತ್ತು ಲಕ್ಷದ ಕ್ಲೇಮು 8 ಲಕ್ಷ 89 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಸೇರಿರುವುದರಿಂದ ಆ ಚೆಕ್ಕು ಮೊದಲು ಹೋಗುವುದು ಸಾಲದ ಖಾತೆಗೆ.